ಮಾಲೀಕರಿಗೊಂದು ಅರಬ್ಬಿ ಕಾಗದ

ಬಾಡಿಗೆ ಮನೆಯ ವ್ಯವಹಾರದಲ್ಲಿ ನಾವು ಕನ್ನಡಿಗರು ಆಡುವ ಮಾತುಗಳನ್ನು ಒಂದು ಸಲ ಎಣಿಸಿ ನೋಡಿ. ಮನೆಯ ಮಾಲೀಕ, ಕರಾರು, ತಾರೀಖು, ಮರಾಮತ್ತು, ಅರ್ಜಿ, ತಕರಾರು, ಜವಾಬು, ಮನೆ ಖಾಲಿ ಮಾಡುವುದು, ಅದಕ್ಕೂ ಬಗ್ಗದಿದ್ದರೆ ವಕೀಲ, ದಾವಾ. ಇವೆಲ್ಲವೂ ಅರಬ್ಬಿ ಮೂಲದವು. ಮನೆ, ಬಾಗಿಲು, ಒಲೆ, ಬಚ್ಚಲು ನಮ್ಮವು. ಅವುಗಳ ವಿಷಯವಾಗಿ ಜಗಳವಾಡಬೇಕಾಗಿ ಬಂದಾಗ ಮಾತ್ರ ನಾವು ಹೊರಗಿನಿಂದ ಸಾಮಗ್ರಿಯನ್ನು ತರಿಸಿಕೊಂಡಿದ್ದೇವೆ.

ಇಷ್ಟು ಬಂಡವಾಳ ಕೈಯಲ್ಲಿರುವ ಕನ್ನಡಿಗನಿಗೆ ಅರಬ್ಬಿಯಲ್ಲಿ ಒಂದು ಕಾಗದ ಬರೆಯುವುದು ಕಷ್ಟವಾಗಬಾರದು ಎಂದು ತೋರುತ್ತದೆ. ಆದರೆ ಊರು ಬಿಟ್ಟು ಹೋದ ಮಕ್ಕಳಂತೆ ಊರು ಬಿಟ್ಟು ಹೋದ ಮಾತುಗಳೂ ಬದಲಾಗುತ್ತವೆ. 'ಮಾಲಿಕ್' ಅಲ್ಲಿಯೂ ಒಡೆಯನೇ, 'ತಾರೀಖ್' ಅಲ್ಲಿಯೂ ದಿನಾಂಕವೇ. 'ತಕ್ರಾರ್' ಎಂದು ಮಾತ್ರ ಬರೆದಿರೋ, ಅರಬ್ಬರು ಅದನ್ನು 'ಪುನರಾವರ್ತನೆ' ಎಂದು ಓದಿಕೊಳ್ಳುತ್ತಾರೆ. ಹೇಳಿದ್ದನ್ನೇ ಹೇಳುವುದು ಎಂಬ ಅರ್ಥದ ಮಾತು ಪಾರಸಿ, ಉರ್ದುಗಳ ದಾರಿಯಲ್ಲಿ ನಡೆದು ನಮ್ಮಲ್ಲಿಗೆ ಬರುವಷ್ಟರಲ್ಲಿ ಜಗಳವಾಗಿತ್ತು. ಹೇಳಿದ್ದನ್ನೇ ನಾಲ್ಕು ಸಲ ಹೇಳಿದರೆ ಜಗಳವಾಗುವುದು ಸಹಜವೇ. ಆದ್ದರಿಂದ ಈ ಅರ್ಥಾಂತರದ ಬಗ್ಗೆ ನನಗೆ ಆಕ್ಷೇಪವೇನೂ ಇಲ್ಲ.

ಈ ವಿದ್ಯೆಯೆಲ್ಲ ನನಗೆ ಬಂದದ್ದು ಒಂದು ಗೀಸರಿನ ಪುಣ್ಯದಿಂದ. 2016ರ ಜನವರಿ. ನಾವು ಆಗ ದುಬೈ ನಗರದ ದೇರಾ ಭಾಗದಲ್ಲಿ, ನಾಲ್ಕು ಅಂತಸ್ತಿನ ಒಂದು ಹಳೆಯ ಕಟ್ಟಡದಲ್ಲಿದ್ದೆವು. ದುಬೈ ಎಂದೊಡನೆ ಬಿಸಿಲನ್ನೇ ನೆನೆಯುವವರಿಗೆ ಅಲ್ಲಿ ಗೀಸರಾದರೂ ಏತಕ್ಕೆ ಎಂದು ಸಂಶಯ ಬರಬಹುದು. ಬೇಸಗೆಯಲ್ಲಿ ಅದು ನೀರು ಕಾಯಿಸುವುದಕ್ಕಲ್ಲ, ತಣಿಸುವುದಕ್ಕೆ! ಇದು ಹಾಸ್ಯವಲ್ಲ. ನೀರಿನ ತೊಟ್ಟಿಗಳೆಲ್ಲ ತಾರಸಿಯ ಮೇಲಿರುವುದರಿಂದ ಜುಲೈ ತಿಂಗಳಲ್ಲಿ ತಣ್ಣೀರಿನ ನಲ್ಲಿಯನ್ನು ತಿರುಗಿಸಿದರೆ ಕೈ ಸುಡುವ ನೀರು ಬರುತ್ತದೆ. ಬಲ್ಲವರು ಗೀಸರಿನ ಗುಂಡಿಯನ್ನು ಆರಿಸಿಬಿಡುತ್ತಾರೆ. ಅದರ ಹೊಟ್ಟೆಯಲ್ಲಿರುವ ನೀರು ಮನೆಯೊಳಗಿನ ತಂಪಿಗೆ ಆರಿರುತ್ತದೆ. ಬಿಸಿನೀರಿನ ನಲ್ಲಿಯಿಂದ ತಣ್ಣೀರನ್ನು ಹಿಡಿದುಕೊಂಡು ಸ್ನಾನ ಮಾಡುತ್ತಾರೆ. ಡಿಸೆಂಬರು, ಜನವರಿಗಳಲ್ಲಿ ಮಾತ್ರ ಗೀಸರು ತನ್ನ ಸ್ವಧರ್ಮಕ್ಕೆ ಮರಳುತ್ತದೆ. ಆಗ ಮುಂಜಾನೆಯ ಚಳಿ ಹದಿನೈದು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮಲೆನಾಡಿನವರು ನಗಬಹುದು, ನಗಲಿ. ಎಪ್ಪತ್ತೆಂಟು ವರ್ಷದ ಮಂಡಿನೋವಿನವರಿಗೆ ಹದಿನೈದು ಡಿಗ್ರಿಯೂ ಚಳಿಯೇ. ಆ ತಿಂಗಳು ನಮ್ಮ ಅಮ್ಮ ಊರಿನಿಂದ ಬಂದಿದ್ದರು.

ನಮ್ಮ ಗೀಸರು ಐವತ್ತು ಲೀಟರಿನದು. ಬಚ್ಚಲಿನ ಫಾಲ್ಸ್ ಸೀಲಿಂಗಿನ ಮೇಲೆ, ಕಣ್ಣಿಗೆ ಬೀಳದಂತೆ ಅಡ್ಡಲಾಗಿ ಮಲಗಿತ್ತು. ಕಣ್ಣಿಗೆ ಬೀಳದೆ ದುಡಿಯುವವರ ಯೋಗಕ್ಷೇಮವನ್ನು ಯಾರೂ ವಿಚಾರಿಸುವುದಿಲ್ಲ. ಒಂದು ಬೆಳಗ್ಗೆ ಅದರ ಗುಂಡಿಯನ್ನು ಒತ್ತಿದೊಡನೆ ಮನೆಯ ದೀಪಗಳೆಲ್ಲ ಆರಿದವು. ಫಲಕದಲ್ಲಿದ್ದ ಸೋರಿಕೆ ತಡೆಯುವ ಸ್ವಿಚ್ಚು ಬಿದ್ದಿತ್ತು. ಗೀಸರಿನ ಗುಂಡಿಯನ್ನು ಆರಿಸಿ, ಬಿದ್ದುದನ್ನು ಎತ್ತಿದರೆ ದೀಪಗಳು ಬಂದವು. ಮತ್ತೆ ಗೀಸರಿಗೆ ಕೈ ಹಾಕಿದರೆ ಮತ್ತೆ ಕತ್ತಲೆ. ಇಷ್ಟರಿಂದಲೇ ಕಾಯಿಲೆ ಎಲ್ಲಿದೆ ಎಂಬುದು ತಿಳಿಯುತ್ತದೆ: ಬೇರೆ ಏನನ್ನು ಹಾಕಿದರೂ ನಿಲ್ಲುವ ವಿದ್ಯುತ್ತು ಗೀಸರನ್ನು ಹಾಕಿದೊಡನೆ ಬೀಳುವುದಾದರೆ, ಅದರೊಳಗಿನ ಕಾಯುವ ಸರಳಿನ ಹೊದಿಕೆ ಬಿರಿದು ವಿದ್ಯುತ್ತು ನೀರಿಗೆ ಸೋರುತ್ತಿದೆ ಎಂದು ಅರ್ಥ. ಇಂಥ ಗೀಸರನ್ನು 'ಇನ್ನೊಂದು ಸಲ ನೋಡೋಣ' ಎಂದು ಒತ್ತುತ್ತ ಕೂರಬಾರದು. ಆ ಸ್ವಿಚ್ಚು ಬೀಳುವುದು ತೊಂದರೆ ಕೊಡಲಿಕ್ಕಲ್ಲ, ಪ್ರಾಣ ಉಳಿಸಲಿಕ್ಕೆ.

ಕಟ್ಟಡದ ಕಾವಲುಗಾರ ಬಂಗಾಳದ ಮುದುಕ. ಅಲ್ಲಿಯವರು ಇಂಥವರನ್ನು 'ನಾತೂರ್' ಎನ್ನುತ್ತಾರೆ. ನಾವು ಚಾಚಾ ಎನ್ನುತ್ತಿದ್ದೆವು. ಅವನಿಗೆ ಹಿಂದಿಯಲ್ಲಿ "ಗೀಸರ್ ಖರಾಬ್ ಆಗಿದೆ" ಎಂದು ಹೇಳಿದೆ. ಅವನು ಅದನ್ನೇ ಬಾಡಿಗೆ ಏಜೆಂಟನ ಕಚೇರಿಗೆ ಹೇಳಿದ. ಕಚೇರಿಯ ಗುಮಾಸ್ತ ರಿಜಿಸ್ಟರಿನಲ್ಲಿ ಇಂಗ್ಲಿಷಿನಲ್ಲಿ 'ಬ್ರೋಕನ್' ಎಂದು ಬರೆದುಕೊಂಡ. ಮನೆಯ ಮಾಲೀಕರು ಶಾರ್ಜಾದಲ್ಲಿದ್ದ ವೃದ್ಧರು, ಅರಬ್ಬಿಯ ಹೊರತು ಬೇರೆ ಲಿಪಿಯನ್ನು ಓದದವರು. ಅವರಿಗಾಗಿ ಕಚೇರಿಯಲ್ಲಿ ಇನ್ನೊಬ್ಬ 'ಬ್ರೋಕನ್' ಎಂಬುದನ್ನು 'ಮಕ್ಸೂರ್' ಎಂದು ಮಾಡಿ ಕಳುಹಿಸಿದ. ಎರಡು ದಿನ ಬಿಟ್ಟು ಏಜೆಂಟನಿಂದ ಜವಾಬು ಬಂದಿತು: "ಬಾಡಿಗೆದಾರರು ಒಡೆದದ್ದನ್ನು ಬಾಡಿಗೆದಾರರೇ ಸರಿಪಡಿಸಬೇಕು. ಹೊಸ ಗೀಸರಿಗೂ ಕೂಲಿಗೂ ಸೇರಿ 850 ದಿರ್ಹಮ್ ಕಟ್ಟಿ."

ಮನೆಯಲ್ಲಿ ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ತಲೆಯ ಮೇಲೆ ಎಂಟಡಿ ಎತ್ತರದಲ್ಲಿ, ಹಲಗೆಯ ಹಿಂದೆ ಮಲಗಿರುವ ಕಬ್ಬಿಣದ ಹಂಡೆಯನ್ನು ಒಡೆಯುವುದಾದರೂ ಹೇಗೆ? "ನಾನು ಬಂದ ಮೇಲೆ ಹೀಗಾಯಿತು ಅಂತ ತಿಳಿದುಕೊಂಡರೇನೋ" ಎಂದು ಅಮ್ಮ ಪೇಚಾಡಿಕೊಂಡರು. ನಮ್ಮ ಮನೆಯಾಕೆ ದಿನವೂ ದೊಡ್ಡ ಪಾತ್ರೆಯಲ್ಲಿ ಗ್ಯಾಸಿನ ಮೇಲೆ ನೀರು ಕಾಯಿಸಿ, ಒದ್ದೆ ನೆಲದ ಮೇಲೆ ಬಚ್ಚಲಿಗೆ ಹೊತ್ತು ನಡೆಯುವುದನ್ನು ನೋಡುವಾಗ ನನಗೆ 850 ದಿರ್ಹಮನ್ನು ಕೊಟ್ಟು ಕೈತೊಳೆದುಕೊಳ್ಳೋಣ ಎನಿಸಿದ್ದು ಸುಳ್ಳಲ್ಲ. ಆದರೆ ಕೊಟ್ಟರೆ ಒಡೆದವರು ನಾವೇ ಎಂದು ರುಜು ಹಾಕಿದಂತಾಗುತ್ತಿತ್ತು. ಮನೆ ಬಿಡುವಾಗ ಮುಂಗಡ ಹಣದ ಲೆಕ್ಕದಲ್ಲಿ ಇದೇ ರಿಜಿಸ್ಟರು ಮತ್ತೆ ತೆರೆಯುತ್ತದೆ.

ಮೊದಲು ಕಾಯಿಲೆಯ ನಿಜವಾದ ಕಾರಣ ಗೊತ್ತಾಗಬೇಕಾಗಿತ್ತು. ಕೆಳಗಿನ ಬೀದಿಯ ಮಲಯಾಳಿ ಮೇಸ್ತ್ರಿಯೊಬ್ಬನಿಗೆ ಐವತ್ತು ದಿರ್ಹಮ್ ಕೊಟ್ಟು ಕರೆತಂದೆ. ಅವನು ವಿದ್ಯುತ್ತನ್ನು ಆರಿಸಿ, ನೀರಿನ ವಾಲ್ವನ್ನು ಮುಚ್ಚಿ, ಹಂಡೆಯನ್ನು ಬರಿದು ಮಾಡಿ ಮುಚ್ಚಳ ಬಿಚ್ಚಿದ. ಹಂಡೆಯ ತಳದ ಹೊಲಿಗೆಯಲ್ಲಿ ಕಂದು ಬಣ್ಣದ ಹನಿಗಳು ಕಟ್ಟಿದ್ದವು. ಗೀಸರಿನಿಂದ ನೀರು ತೊಟ್ಟಿಕ್ಕಿದರೆ ಎಲ್ಲ ಸಲವೂ ಹೆದರಬೇಕಾಗಿಲ್ಲವಂತೆ; ಒತ್ತಡ ಬಿಡುವ ವಾಲ್ವಿನ ಬಾಯಲ್ಲಿ ನೀರು ಕಾಯುವ ಹೊತ್ತಿನಲ್ಲಿ ನಾಲ್ಕು ಹನಿ ಬೀಳುವುದು ಅದರ ಧರ್ಮ, ಏಕೆಂದರೆ ಕಾದ ನೀರು ಹಿಗ್ಗುತ್ತದೆ. ಆದರೆ ಹಂಡೆಯ ಮೈಯಿಂದಲೇ, ಅದರಲ್ಲಿಯೂ ತುಕ್ಕಿನ ಬಣ್ಣದ ನೀರು ಜಿನುಗಿದರೆ ಮರಾಮತ್ತಿನ ಮಾತು ಮುಗಿಯಿತು. ಸರಳನ್ನು ಬದಲಾಯಿಸಬಹುದು, ಹಂಡೆಯನ್ನು ಬೆಸೆಯಲಾಗದು.

ಆಮೇಲೆ ಅವನು ಒಳಗಿನಿಂದ ಒಂದು ತಂತಿಯನ್ನು ಎಳೆದು ನನ್ನ ಅಂಗೈ ಮೇಲಿಟ್ಟ. ಸೈಕಲ್ಲಿನ ಚಕ್ರದ ಕಡ್ಡಿಯಷ್ಟು ತೆಳ್ಳಗಿನ ತಂತಿ, ಅಲ್ಲಲ್ಲಿ ಬಿಳಿಯ ಹರಳು ಹಿಡಿದಿತ್ತು. "ಸಾರ್, ಇದು ಹೆಬ್ಬೆರಳಿನಷ್ಟು ದಪ್ಪ ಇರಬೇಕಾಗಿತ್ತು" ಎಂದ. ಅದು ಮೆಗ್ನೀಸಿಯಮ್ ಸರಳು. ಕಬ್ಬಿಣದ ಹಂಡೆಯೊಳಗೆ ಇದನ್ನು ಇಡುವುದು ಸವೆಯಲಿಕ್ಕಾಗಿಯೇ. ಕಬ್ಬಿಣಕ್ಕಿಂತ ಮೆಗ್ನೀಸಿಯಮ್ಮಿಗೆ ಕರಗುವ ಆತುರ ಹೆಚ್ಚು. ಅದು ಇರುವಷ್ಟು ಕಾಲ ನೀರು ಅದನ್ನು ತಿಂದುಕೊಂಡು ಹಂಡೆಯನ್ನು ಬಿಟ್ಟಿರುತ್ತದೆ. ಅದು ಮುಗಿದ ಮೇಲೆ ಹಂಡೆಯ ಸರದಿ. ಆದ್ದರಿಂದ ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ತೆಗೆದು ನೋಡಿ, ಸವೆದಿದ್ದರೆ ಬದಲಾಯಿಸಬೇಕು. ನಾವು ಆ ಮನೆಗೆ ಬಂದು ಹನ್ನೊಂದು ತಿಂಗಳಾಗಿತ್ತು. ಆ ಸರಳು ಅದಕ್ಕೂ ಎಷ್ಟೋ ಹಿಂದೆಯೇ ಬರಿಯ ತಂತಿಯಾಗಿತ್ತೆಂದು ಮೇಸ್ತ್ರಿಯ ತೀರ್ಮಾನ. ಅವನಿಂದ ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆಸಿಕೊಂಡು, ತಂತಿಯ ಮತ್ತು ಹಂಡೆಯ ತಳದ ಚಿತ್ರಗಳನ್ನು ತೆಗೆದಿಟ್ಟೆ. ಸಾಕ್ಷಿ ಸಿಕ್ಕಿತು, ಇನ್ನು ಅದನ್ನು ಓದುವವರ ಭಾಷೆಯಲ್ಲಿ ಹೇಳುವುದು ಉಳಿಯಿತು.

ದುಬೈಯಲ್ಲಿ ಸರಕಾರಿ ಕಚೇರಿಗಳ ಸುತ್ತಮುತ್ತ 'ಟೈಪಿಂಗ್ ಸೆಂಟರ್'ಗಳೆಂಬ ಸಣ್ಣ ಅಂಗಡಿಗಳಿವೆ. ನಮ್ಮ ತಾಲ್ಲೂಕು ಕಚೇರಿಗಳ ಮುಂದೆ ಅರ್ಜಿ ಬರೆದುಕೊಡುವವರು ಕುಳಿತಿರುತ್ತಾರಲ್ಲ, ಅವರ ತಂಪು ಗಾಳಿಯ ಅವತಾರ. ನಮ್ಮ ಬೀದಿಯಲ್ಲಿ ಅಂಥ ಅಂಗಡಿಯನ್ನು ನಡೆಸುತ್ತಿದ್ದವರು ಭಟ್ಕಳದ ಕಡೆಯ ಒಬ್ಬ ಸಾಹೇಬರು. ಮೂವತ್ತು ವರ್ಷದಿಂದ ಅರಬ್ಬಿ ಅರ್ಜಿಗಳನ್ನೇ ಬರೆದು ಬದುಕಿದವರು. ನನ್ನ ಕಥೆಯನ್ನೆಲ್ಲ ಕೇಳಿ, ಏಜೆಂಟನ ಕಾಗದವನ್ನು ಓದಿ, 'ಮಕ್ಸೂರ್' ಎಂಬ ಮಾತಿನ ಮೇಲೆ ಬೆರಳಿಟ್ಟರು.

"ಎಂತ ಮಾರಾಯ್ರೇ, ನಿಮ್ಮ ಎಂಟುನೂರೈವತ್ತು ದಿರ್ಹಮ್ ಇಲ್ಲುಂಟು ನೋಡಿ" ಎಂದರು.

ಕನ್ನಡದಲ್ಲಿ ಮಡಕೆ ಒಡೆಯುತ್ತದೆ, ಕೋಲು ಮುರಿಯುತ್ತದೆ, ಗಡಿಯಾರ ಕೆಡುತ್ತದೆ. ಇಂಗ್ಲಿಷಿನವರು ಈ ಮೂರನ್ನೂ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅರಬ್ಬಿ ಈ ವಿಷಯದಲ್ಲಿ ನಮ್ಮ ಹಾಗೆ. 'ಮಕ್ಸೂರ್' ಎಂದರೆ ಒಡೆಯಲ್ಪಟ್ಟದ್ದು, ಮುರಿಯಲ್ಪಟ್ಟದ್ದು. ಕನ್ನಡಿ, ಬಾಗಿಲಿನ ಚಿಲಕ, ಕಾಲಿನ ಎಲುಬು. ಓದಿದವರ ಮನಸ್ಸಿನಲ್ಲಿ 'ಒಡೆದವರು ಯಾರು?' ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಕೆಲಸ ನಿಲ್ಲಿಸಿದ ಯಂತ್ರಕ್ಕೆ ಆಡುಮಾತಿನಲ್ಲಿ 'ಖರ್ಬಾನ್' ಎನ್ನುತ್ತಾರೆ, ಬರವಣಿಗೆಯಲ್ಲಿ 'ಮುಅತ್ತಲ್'. ತಮಾಷೆಯೆಂದರೆ, ನಾನು ಚಾಚಾನಿಗೆ ಹೇಳಿದ 'ಖರಾಬ್' ಆ 'ಖರ್ಬಾನ್' ಎಂಬುದರ ಒಡಹುಟ್ಟು. ಹೊರಟ ಮಾತು ಅರಬ್ಬಿಯೇ. ಅದು ಇದ್ದಂತೆಯೇ ಹೋಗಿದ್ದರೆ ನೆಟ್ಟಗೆ ಮನೆ ಮುಟ್ಟುತ್ತಿತ್ತು. ನಡುವೆ ಇಂಗ್ಲಿಷಿನ ಕಚೇರಿಯಲ್ಲಿ ಇಳಿದು ಹೋದದ್ದರಿಂದ ಬೇರೆ ವೇಷದಲ್ಲಿ, ನನ್ನ ಮೇಲಿನ ಆರೋಪವಾಗಿ, ಮಾಲೀಕರ ಮನೆಗೆ ಸೇರಿತು.

'ಮುಅತ್ತಲ್' ಎಂಬುದರ ಬೇರಿನಿಂದಲೇ 'ಉತ್ಲಾ' ಎಂಬ ಮಾತು ಬಂದಿದೆ. ಅದಕ್ಕೆ ರಜೆ ಎಂದು ಅರ್ಥ. ಎಂದರೆ ನಮ್ಮ ಗೀಸರು ಒಡೆದಿರಲಿಲ್ಲ, ರಜೆ ಹಾಕಿತ್ತು. ರಜೆ ಹಾಕಿದ್ದಕ್ಕೆ ಬಾಡಿಗೆದಾರ ಹೊಣೆಯಲ್ಲ.

ಸಾಹೇಬರು ಬರೆಯಲು ಕುಳಿತಾಗ ನಾನು ಕುರ್ಚಿಯನ್ನು ಪಕ್ಕಕ್ಕೆಳೆದುಕೊಂಡೆ. ಕಾಗದದ ವಿಷಯದ ಸಾಲಿನಲ್ಲಿ 'ಶಕ್ವಾ', ಎಂದರೆ ದೂರು, ಎಂದು ಹಾಕುವುದೋ ಎಂದು ಕೇಳಿದೆ. ಅವರು ತಲೆಯಾಡಿಸಿದರು. "ಶಕ್ವಾ ಒಬ್ಬನ ಮೇಲೆ ಇನ್ನೊಬ್ಬನ ಹತ್ತಿರ ಹೇಳುವುದು. ಅವರ ಮೇಲೆ ಅವರ ಹತ್ತಿರವೇ ದೂರು ಹೇಳಿದರೆ ಕಾಗದ ಮುಂದೆ ಓದುವುದಿಲ್ಲ ಅವರು. 'ತಲಬ್' ಅಂತ ಹಾಕುವಾ." ತಲಬ್ ಎಂದರೆ ಕೋರಿಕೆ. 'ತಲಬ್ ಇಸ್ಲಾಹ್ ಸಖ್ಖಾನ್ ಅಲ್-ಮಾ' ಎಂದು ಸಾಲು ನಿಂತಿತು: ನೀರು ಕಾಯಿಸುವ ಯಂತ್ರದ ದುರಸ್ತಿಗಾಗಿ ಕೋರಿಕೆ. ಹಂಡೆಯೇ ತೂತಾಗಿರುವುದರಿಂದ 'ಇಸ್ಲಾಹ್' ಎಂಬುದರ ಪಕ್ಕದಲ್ಲಿ 'ಅಥವಾ ಬದಲಾವಣೆ' ಎಂದೂ ಸೇರಿಸಿಸಿದೆ. ಇಲ್ಲವಾದರೆ ಬೆಸುಗೆಯವನನ್ನು ಕಳುಹಿಸಿ ಕೋರಿಕೆ ಈಡೇರಿತೆಂದು ಬಿಡಬಹುದಲ್ಲ.

ಸಂಬೋಧನೆ ಮುಗಿದು, ಹೆಸರಿನ ಮುಂದೆ 'ಅಲ್-ಮುಹ್ತರಂ', ಗೌರವಾನ್ವಿತರು, ಎಂದಾದ ಮೇಲೆ ಒಂದು ಸಾಲು ಬಂದಿತು: 'ತಹಿಯ್ಯ ತಯ್ಯಿಬ, ವ ಬಅದ್.' ಇದೇನೆಂದು ಕೇಳಿದೆ. 'ಶುಭವಂದನೆ, ಮತ್ತು ಅದರ ನಂತರ' ಎಂದರು. ಅಷ್ಟೇ. ನನಗೆ ನಮ್ಮ ತಾತನ ಕಾಗದಗಳು ಕಣ್ಣ ಮುಂದೆ ಬಂದವು. 'ಉಭಯ ಕುಶಲೋಪರಿ ಸಾಂಪ್ರತ' ಎಂದು ಆರಂಭವಾಗದ ಒಂದು ಕಾರ್ಡನ್ನೂ ಅವರು ಬರೆದವರಲ್ಲ. ಎರಡು ಕಡೆಯ ಕುಶಲವಾದ ಮೇಲೆ, ಈಗ. ಸಾವಿನ ಸುದ್ದಿಯಾದರೂ ಸಾಲದ ಸುದ್ದಿಯಾದರೂ ಈ 'ಈಗ' ಎಂಬುದರ ಹಿಂದೆಯೇ ಬರಬೇಕು. ಅರಬ್ಬರ 'ವ ಬಅದ್' ಕೂಡ ಅಂಥದೇ ಹೊಸಿಲು. ಅದರ ಈಚೆಗೆ ಮರ್ಯಾದೆ, ಆಚೆಗೆ ವ್ಯವಹಾರ. ಇಂಗ್ಲಿಷ್ ಕಾಗದಗಳಲ್ಲಿ ಹೊಸಿಲೇ ಇಲ್ಲ. ಬಾಗಿಲು ತೆರೆದರೆ ನೇರ ಅಡಿಗೆಮನೆ. ನಮ್ಮ ಈಗಿನ ಕನ್ನಡ ಕಾಗದಗಳೂ ಆ ದಾರಿಯನ್ನೇ ಹಿಡಿದಿವೆ.

ಹೊಸಿಲು ದಾಟಿದ ಮೇಲಿನ ಮೊದಲ ಮಾತು 'ಅವದ್ದು ಇಹಾತತಕುಂ ಇಲ್ಮನ್'. ಅಕ್ಷರಶಃ ಹೇಳುವುದಾದರೆ 'ತಮ್ಮನ್ನು ತಿಳಿವಳಿಕೆಯಿಂದ ಸುತ್ತುವರಿಯಲು ಬಯಸುತ್ತೇನೆ'. 'ತಮಗೆ ತಿಳಿಸುವುದೇನೆಂದರೆ' ಎಂಬುದೇ ಅದು. ಮಾಲೀಕರು ಒಬ್ಬರೇ ಆದರೂ ಕಾಗದದುದ್ದಕ್ಕೂ ಬಹುವಚನ. 'ನೀನು' ಎಂಬ ಏಕವಚನ ಎಲ್ಲಿಯೂ ಸುಳಿಯಲಿಲ್ಲ. ಈ ಬಹುವಚನದ ಮರ್ಯಾದೆಯನ್ನು ಕನ್ನಡಿಗನಿಗೆ ಯಾರೂ ಕಲಿಸಬೇಕಾಗಿಲ್ಲ.

ಆಮೇಲಿನ ಭಾಗದಲ್ಲಿ ನನಗೂ ಸಾಹೇಬರಿಗೂ ಸ್ವಲ್ಪ ಎಳೆದಾಟವಾಯಿತು. ನಾನು ಏಜೆಂಟನ ವಿಷಯವನ್ನೆಲ್ಲ ತೋಡಿಕೊಳ್ಳಬೇಕೆಂದಿದ್ದೆ. ಅವರು ಒಂದು ಸಾಲನ್ನೂ ಬಿಡಲಿಲ್ಲ. ಯಾವ ಮನೆ, ಎಂದಿನಿಂದ, ಏನಾಗಿದೆ, ಏಕೆ ಆಗಿದೆ, ಏನು ಬೇಕು: ಇಷ್ಟೇ ಇರಬೇಕು. "ಅಮ್ಮನ ವಿಷಯ?" ಎಂದೆ. ಸ್ವಲ್ಪ ಯೋಚಿಸಿ, "ಅದು ಇರಲಿ. ಅದು ವಾದ ಅಲ್ಲ, ಆದರೆ ಮುದುಕರು ತಾಯಿ ಅಂತ ಕಂಡರೆ ಕಾಗದ ಕೆಳಗಿಡುವುದಿಲ್ಲ" ಎಂದು 'ನನ್ನ ವಯೋವೃದ್ಧ ತಾಯಿ' ಎಂಬ ಎರಡು ಮಾತನ್ನು ಮಾತ್ರ ಒಳಗೆ ಬಿಟ್ಟರು.

ಅವರು ಹೆಚ್ಚು ಹೊತ್ತು ತೆಗೆದುಕೊಂಡದ್ದು ಕಾನೂನಿನ ಸಾಲಿಗೆ. ದುಬೈಯ ಬಾಡಿಗೆ ಕಾನೂನು 2007ರ 26ನೆಯದು. ಅದರ 16ನೆಯ ವಿಧಿಯಂತೆ, ಕರಾರಿನಲ್ಲಿ ಬೇರೆ ಒಪ್ಪಂದವಾಗಿರದ ಪಕ್ಷದಲ್ಲಿ, ಮನೆಯ ಮರಾಮತ್ತೂ, ಬಾಡಿಗೆದಾರನ ಅನುಭೋಗಕ್ಕೆ ಕುಂದು ತರುವ ದೋಷಗಳ ದುರಸ್ತಿಯೂ ಮಾಲೀಕನ ಹೊಣೆ. ಈ 'ಬೇರೆ ಒಪ್ಪಂದ' ಎಂಬ ಸಂದಿಯನ್ನು ನೋಡದೆ ಯಾರೂ ಆ ವಿಧಿಯನ್ನು ಹಿಡಿದು ಝಳಪಿಸಬಾರದು. ನಮ್ಮ ಕರಾರಿನಲ್ಲಿ 500 ದಿರ್ಹಮ್‌ಗಿಂತ ಕಡಮೆಯ ರಿಪೇರಿ ನಮ್ಮದು, ಅದಕ್ಕೆ ಮೇಲ್ಪಟ್ಟದ್ದು ಮಾಲೀಕರದು, ಬಾಡಿಗೆದಾರ ಹಾಳುಮಾಡಿದ್ದು ಎಷ್ಟಾದರೂ ಬಾಡಿಗೆದಾರನದು ಎಂದಿತ್ತು. ಇಂಗ್ಲಿಷು, ಅರಬ್ಬಿ ಪಾಠಗಳಲ್ಲಿ ವ್ಯತ್ಯಾಸ ಬಂದರೆ ಅರಬ್ಬಿಯೇ ಪ್ರಮಾಣ ಎಂದೂ ಇತ್ತು. 850 ಎಂಬುದು 500ಕ್ಕಿಂತ ಹೆಚ್ಚು. ಆದ್ದರಿಂದ ಇಡೀ ವ್ಯಾಜ್ಯ ಒಂದೇ ಒಂದು ಪ್ರಶ್ನೆಗೆ ಬಂದು ನಿಂತಿತ್ತು: ಹಾಳಾಯಿತೋ, ಹಾಳುಮಾಡಿದೆವೋ? ಉತ್ತರವಾಗಿ ಸಾಹೇಬರು 'ನಾತಿಜ್ ಅನ್ ಅಲ್-ಇಸ್ತಿಅಮಾಲ್ ಅಲ್-ಆದೀ' ಎಂದು ಬರೆದರು. 'ಸಾಧಾರಣ ಬಳಕೆಯಿಂದ ಉಂಟಾದದ್ದು.' ಇಸ್ತಿಅಮಾಲ್ ನಮ್ಮ ಇಸ್ತೆಮಾಲೇ. ಮೇಸ್ತ್ರಿಯ ಚೀಟಿ, ಚಿತ್ರಗಳು ಲಗತ್ತು.

ವಿಧಿಯ ಸಂಖ್ಯೆಯ ಹಿಂದೆ ಅವರು 'ಕಮಾ ತಅಲಮೂನ್' ಎಂಬ ಎರಡು ಮಾತನ್ನು ಸೇರಿಸಿದರು: 'ತಾವು ಬಲ್ಲಂತೆ'. ಇದರ ಜಾಣತನ ನನಗೆ ಆಮೇಲೆ ಹೊಳೆಯಿತು. ಕಾನೂನನ್ನು ನಾನು ಅವರಿಗೆ ಹೇಳಿಕೊಡುತ್ತಿಲ್ಲ, ಅವರಿಗೆ ತಿಳಿದಿರುವುದನ್ನು ನೆನೆಯುತ್ತಿದ್ದೇನೆ. ಆದರೆ ನೆನೆದಾಯಿತು.

ದಾವಾ ಹಾಕುವ ಮಾತನ್ನು ಕಾಗದದಲ್ಲಿ ಎತ್ತಲೇ ಇಲ್ಲ. ಬಾಡಿಗೆ ವ್ಯಾಜ್ಯಗಳಿಗೆಂದೇ ದುಬೈಯಲ್ಲಿ 2013ರಿಂದ ಪ್ರತ್ಯೇಕ ನ್ಯಾಯಕೇಂದ್ರವಿದೆ. ಅಲ್ಲಿ ದಾವಾ ಹೂಡುವವನು ವರ್ಷದ ಬಾಡಿಗೆಯ ಶೇಕಡಾ ಮೂರೂವರೆಯಷ್ಟನ್ನು ಶುಲ್ಕವಾಗಿ ಕಟ್ಟಬೇಕು. ನಮ್ಮ ಬಾಡಿಗೆ 60,000 ದಿರ್ಹಮ್; ಶುಲ್ಕ 2,100. ಗೆದ್ದರೆ ಅದು ಎದುರಾಳಿಯಿಂದ ಮರಳಬಹುದಾದರೂ, 850ಕ್ಕಾಗಿ 2,100ನ್ನು ಮುಂದಿಟ್ಟು ಕಾಯುವವನು ಗೀಸರಿಗಾಗಿ ಅಲ್ಲ, ಹಟಕ್ಕಾಗಿ ಕಾಯುತ್ತಾನೆ. ಅದು ಮಾಲೀಕರಿಗೂ ಗೊತ್ತು. ಆದ್ದರಿಂದ ಬೆದರಿಕೆಯ ಬದಲು ಗಡುವನ್ನು ಇಟ್ಟೆವು: ಈ ಕಾಗದ ಕೈಸೇರಿದ ದಿನದಿಂದ ಏಳು ದಿನಗಳೊಳಗೆ 'ಫನ್ನೀ', ಎಂದರೆ ಕುಶಲ ಕೆಲಸಗಾರನನ್ನು, ಕಳುಹಿಸುವ ಔದಾರ್ಯವನ್ನು ತೋರಬೇಕಾಗಿ ಕೋರಿಕೆ.

ಕೊನೆಯಲ್ಲಿ ಸಹಿ ಮಾಡುವ ಜಾಗದ ಮೇಲಿನ ಮಾತನ್ನು ಮಾತ್ರ ಸಾಹೇಬರು ಎರಡು ಸಲ ಓದಿ ನೋಡಿದರು. ಬಾಡಿಗೆಗೆ ಇರುವವನು 'ಮುಸ್ತಾಜಿರ್', ಬಾಡಿಗೆಗೆ ಕೊಡುವವನು 'ಮುಅಜ್ಜಿರ್'. ಎರಡೂ ಒಂದೇ ಬೇರಿನವು. ನಮ್ಮ 'ಇಜಾರೆ' ಎಂಬುದೂ ಆ ಮನೆತನದ್ದೇ. ನಡುವಿನ ಎರಡು ಅಕ್ಷರ ತಪ್ಪಿದರೆ ಮಾಲೀಕರೇ ನನಗೆ ಬಾಡಿಗೆದಾರರಾಗಿಬಿಡುತ್ತಾರೆ. ನಮ್ಮ ಮನೆಯ ಸಂಖ್ಯೆ 205 ಎಂಬುದನ್ನು ನಾನು ಓದಿ ನೋಡಿದೆ. ಅಲ್ಲಿಯ ಬರವಣಿಗೆಯಲ್ಲಿ ಸೊನ್ನೆ ಎಂದರೆ ಒಂದು ಚುಕ್ಕಿ. ಐದು ಎಂದರೆ ನಮ್ಮ ಕನ್ನಡದ ಸೊನ್ನೆಯಂತೆಯೇ ಒಂದು ಉಂಗುರ. ಕನ್ನಡದ ಕಣ್ಣಿಗೆ ಐದು ಸೊನ್ನೆಯಾಗಿ ಕಾಣುವ ಈ ಅಂಕಿಗಳನ್ನು ಅರಬ್ಬರು 'ಹಿಂದೀ ಅಂಕಿಗಳು' ಎಂದೇ ಕರೆಯುತ್ತಾರೆ! ಬಲದಿಂದ ಎಡಕ್ಕೆ ಹೋಗುವ ಬರವಣಿಗೆಯ ನಡುವೆ ಅವು ಮಾತ್ರ ನಮ್ಮಂತೆ ಎಡದಿಂದ ಬಲಕ್ಕೆ ನಡೆಯುತ್ತವೆ.

ಕಾಗದ ಒಂದು ಪುಟವನ್ನು ದಾಟಲಿಲ್ಲ. ಸಾಹೇಬರು ಎರಡು ಪ್ರತಿ ತೆಗೆದು ಮೂವತ್ತು ದಿರ್ಹಮ್ ತೆಗೆದುಕೊಂಡರು. "ಏಜೆಂಟನ ಕೈಗೆ ಕೊಡಬೇಡಿ. ನೀವೇ ಶಾರ್ಜಾಕ್ಕೆ ಹೋಗಿ, ಒಂದು ಪ್ರತಿ ಕೊಟ್ಟು ಇನ್ನೊಂದರ ಮೇಲೆ ತಲುಪಿತು ಅಂತ ತಾರೀಖು ಹಾಕಿಸಿಕೊಂಡು ಬನ್ನಿ. ತಾರೀಖು ಇಲ್ಲದಿದ್ದರೆ ನಿಮ್ಮ ಏಳು ದಿನ ಶುರುವೇ ಆಗುವುದಿಲ್ಲ" ಎಂದರು.

ಮಾರನೆಯ ಸಂಜೆ ಹೋದೆ. ಮಾಲೀಕರು ಮನೆಯ ಮುಂಭಾಗದ ಬೈಠಕ್ಕಿನಲ್ಲಿ ಇಬ್ಬರು ಗೆಳೆಯರೊಡನೆ ಕುಳಿತಿದ್ದರು. ಕಾಗದವನ್ನು ಮುಟ್ಟುವ ಮೊದಲು ಖರ್ಜೂರ, ಏಲಕ್ಕಿ ಹಾಕಿದ ಕಹಿ ಕಾಫಿ ಬಂದಿತು. ಅಲ್ಲಿ ಬಟ್ಟಲನ್ನು ಸುಮ್ಮನೆ ಮರಳಿಸಿದರೆ ಮತ್ತೆ ತುಂಬುತ್ತಾರೆ. ಸಾಕೆಂದರೆ ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಬೇಕು. ಮೂರನೆಯದಕ್ಕೆ ಅಲ್ಲಾಡಿಸಿದೆ. 'ವ ಬಅದ್' ಎಂಬುದರ ಆಚೆಗೆ ಹೋಗಲು ಈಗ ಅನುಮತಿ ಸಿಕ್ಕಿತು.

ಅವರು ಕನ್ನಡಕ ಹಾಕಿಕೊಂಡು ತುಟಿಯಲ್ಲೇ ಓದಿದರು. 'ಮುಅತ್ತಲ್' ಎಂಬಲ್ಲಿ ನಿಂತು ಒಳಗಿನಿಂದ ಮಗನನ್ನು ಕರೆದರು. ಮಗ ಇಂಗ್ಲಿಷಿನಲ್ಲಿ ಕೇಳಿದ: "ಒಡೆದಿದೆ ಎಂದಲ್ಲವೆ ಕಚೇರಿಯವರು ಬರೆದದ್ದು?" ನಾನು ಮಾತನಾಡಲಿಲ್ಲ, ಕಾಗದಕ್ಕೆ ಸುತ್ತಿ ತಂದಿದ್ದ ಆ ತಂತಿಯನ್ನೇ ಬಿಚ್ಚಿ ಮೇಜಿನ ಮೇಲಿಟ್ಟೆ. ಮುದುಕರು ಅದನ್ನೆತ್ತಿ ಎರಡು ಬೆರಳಿನಿಂದ ಬಗ್ಗಿಸಿದರು; ಪುಡಿ ಉದುರಿತು. ಗೆಳೆಯರಲ್ಲೊಬ್ಬರು ಏನೋ ಹೇಳಿ ನಕ್ಕರು. ಅವರ ಮನೆಯ ಗೀಸರೂ ಹಾಗೆಯೇ ಹೋಯಿತಂತೆ, ಎಂದು ಮಗ ತಿಳಿಸಿದ. ಮಾಲೀಕರು ನನ್ನ ಪ್ರತಿಯನ್ನು ತೆಗೆದುಕೊಂಡು ಅಡಿಯಲ್ಲಿ 'ಲಾ ಮಾನಿಅ' ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿದರು. 'ಅಡ್ಡಿ ಇಲ್ಲ.' ಅರ್ಜಿಗಳ ಮೇಲೆ ನಮ್ಮ ಅಮಲ್ದಾರರು ಹಾಕುವ ಷರಾದಂತೆ ಅದು ಅಲ್ಲಿಯ ಷರಾ. ಏಳುವಾಗ, ತಾಯಿಯವರು ಹೇಗಿದ್ದಾರೆಂದು ಕೇಳಿದರು. ಸಾಹೇಬರು ಒಳಗೆ ಬಿಟ್ಟ ಎರಡು ಮಾತು ವ್ಯರ್ಥವಾಗಿರಲಿಲ್ಲ.

ನಾಲ್ಕನೆಯ ದಿನ ಹೊಸ ಗೀಸರು ಬಂದಿತು. ಐವತ್ತು ಲೀಟರು, ಒಂದೂವರೆ ಕಿಲೋವಾಟಿನ ಸರಳು. ತಣ್ಣನೆಯ ನೀರು ಚೆನ್ನಾಗಿ ಕಾಯಲು ಒಂದೂವರೆ ಗಂಟೆ ಹಿಡಿಯುತ್ತದೆ. ಕೆಲಸಗಾರನನ್ನು ಕೇಳಿ ಅದರ ಮೆಗ್ನೀಸಿಯಮ್ ಸರಳನ್ನು ತೆಗೆಸಿ ನೋಡಿದೆ: ನಿಜವಾಗಿಯೂ ಹೆಬ್ಬೆರಳಿನ ದಪ್ಪವಿತ್ತು. ಹಾಕಿದ ದಿನವನ್ನು ಅದರ ಮೈಮೇಲೆ ಮಸಿಯಲ್ಲಿ ಬರೆಸಿ, ಮುಂದೆ ಬರುವ ಬಾಡಿಗೆದಾರನಿಗೂ ತಿಳಿಯಲಿ ಎಂದು ಆ ತಾರೀಖನ್ನು ಹಿಂದೀ ಅಂಕಿಗಳಲ್ಲಿಯೂ ಪಕ್ಕದಲ್ಲಿ ಬರೆದೆ. ಆ ಸಂಜೆ ಅಮ್ಮ ಎಣ್ಣೆ ಹಚ್ಚಿಕೊಂಡು ಒಂದು ಗಂಟೆ ಬಚ್ಚಲಿನಿಂದ ಹೊರಗೆ ಬರಲಿಲ್ಲ.

ಎರಡು ದಿನದ ಮೇಲೆ ಏಜೆಂಟನ ಕಚೇರಿಯಿಂದ ಗುಮಾಸ್ತ ಬಂದ. ಬೆಲೆಯ ಮಾತೆತ್ತಲಿಲ್ಲ, ಹಳೆಯ ಗೀಸರು ಮಾಲೀಕರ ಸೊತ್ತು, ಅದನ್ನು ಒಪ್ಪಿಸಬೇಕು ಎಂದ. ಚಾಚಾ ಅದನ್ನು ಆಗಲೇ ಗುಜರಿಯವನಿಗೆ ಹಾಕಿ ಇಪ್ಪತ್ತು ದಿರ್ಹಮ್ ಎಣಿಸಿಕೊಂಡಿದ್ದ. ಗುಮಾಸ್ತ ಕೆಳಗಿಳಿದು ಹೋಗಿ ಅವನೊಡನೆ ಬಹಳ ಹೊತ್ತು ಮಾತನಾಡುತ್ತಿದ್ದುದು ಕೇಳಿಸಿತು. ರಿಜಿಸ್ಟರಿನಲ್ಲಿ ಅದಕ್ಕೆ ಏನೆಂದು ಬರೆದುಕೊಂಡರೋ ನಾನು ವಿಚಾರಿಸಲು ಹೋಗಲಿಲ್ಲ.